ಕಟ್ಟುವ ಮನೆಯ ಕರೆಂಟು

ಮನೆ ಕಟ್ಟಿಸುವವರಲ್ಲಿ ಬಹಳ ಮಂದಿ ತಾತ್ಕಾಲಿಕ ಕರೆಂಟಿನ ಬಗ್ಗೆ ಯೋಚಿಸುವುದೇ ಇಲ್ಲ. ಕಂಬದಿಂದ ಒಂದು ವೈರು, ಹಲಗೆಯ ಮೇಲೊಂದು ಮೀಟರು, ಒಂದು ಎಂಸಿಬಿ, ಎರಡು ಪ್ಲಗ್ಗು ಇದ್ದರೆ ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ಯಂತ್ರ ಹಿಡಿಯುವ ಕೂಲಿಯವರ ಜೀವ ಆ ಹಲಗೆಯ ಮೇಲೆ ನಿಂತಿದೆ.

ಮೂವತ್ತು–ನಲವತ್ತರ ಸೈಟಿನ ಒಂದು ಮನೆಯನ್ನು ತೆಗೆದುಕೊಳ್ಳೋಣ. ಸಂಪಿನಿಂದ ನೀರೆತ್ತಲು 1 ಎಚ್‌ಪಿ ಮೋಟಾರು, ಕಾಂಕ್ರೀಟಿಗೆ ಒಂದೂವರೆ ಎಚ್‌ಪಿ ವೈಬ್ರೇಟರು, ಮುಂದೆ 1,300 ವ್ಯಾಟಿನ ಟೈಲ್ಸ್ ಕಟರು, 700 ವ್ಯಾಟಿನ ಡ್ರಿಲ್ಲು, ಒಂದಿಷ್ಟು ದೀಪ. ಎಲ್ಲ ಕೂಡಿದರೆ 4 ಕಿಲೋವ್ಯಾಟ್ ದಾಟುತ್ತದೆ. ಆದರೆ ಮೋಲ್ಡಿಂಗ್ ದಿನ ಟೈಲ್ಸ್ ಕಟರು ಓಡುವುದಿಲ್ಲ. ಆ ದಿನ ಮೋಟಾರು, ವೈಬ್ರೇಟರು, ದೀಪ ಒಟ್ಟಿಗೆ ನಡೆದರೂ, ಮೋಟಾರುಗಳೊಳಗಿನ ನಷ್ಟ ಸೇರಿ, 3 ಕಿಲೋವ್ಯಾಟಿನ ಒಳಗೇ ಇರುತ್ತದೆ. ಹಾಗಾಗಿ ಲೋಡನ್ನು ಕೂಡಿಸಿ ಬರೆಯುವ ಬದಲು, ಯಾವ ಹಂತದಲ್ಲಿ ಯಾವುದು ಒಟ್ಟಿಗೆ ಓಡುತ್ತದೆ ಎಂದು ಮೇಸ್ತ್ರಿಯನ್ನು ಕೇಳಿ ಬರೆಯಿರಿ. ಕಿಟಕಿ ಗ್ರಿಲ್ಲಿನ ವೆಲ್ಡಿಂಗನ್ನು ವರ್ಕ್‌ಶಾಪಿನಲ್ಲೇ ಮುಗಿಸಿ ತರಿಸಿದರೆ ಆ ದೊಡ್ಡ ಹೊರೆ ನಿಮ್ಮ ಮೀಟರಿಗೆ ಬೀಳುವುದಿಲ್ಲ.

ವೈರು ಸಣ್ಣದಾದರೆ ಇನ್ನೊಂದು ತೊಂದರೆ. ಕಂಬದಿಂದ 50 ಮೀಟರು ದೂರಕ್ಕೆ 1.5 ಚದರ ಮಿಲಿಮೀಟರಿನ ತಾಮ್ರದ ವೈರು ಎಳೆದರೆ, 13 ಆಂಪಿಯರ್ ಹರಿಯುವಾಗ ಸುಮಾರು 16 ವೋಲ್ಟು ದಾರಿಯಲ್ಲೇ ಕಳೆದುಹೋಗುತ್ತದೆ. ಮೋಟಾರು ಶುರುವಾಗುವಾಗ ಇದರ ಹಲವು ಪಟ್ಟು ಕರೆಂಟು ಎಳೆಯುವುದರಿಂದ ಅದು ತಿರುಗದೆ ಗುಂಯ್‌ಗುಡುತ್ತದೆ, ವೈಂಡಿಂಗ್ ಸುಟ್ಟೂಹೋಗಬಹುದು. 4 ಚದರ ಮಿಲಿಮೀಟರಿನದು ಹಾಕಿದರೆ ನಷ್ಟ 6 ವೋಲ್ಟಿಗೆ ಇಳಿಯುತ್ತದೆ.

ಈಗ ಶಾಕಿನ ವಿಷಯ. ‘ಎಂಸಿಬಿ ಇದೆಯಲ್ಲ ಸಾರ್, ಟ್ರಿಪ್ ಆಗುತ್ತೆ’ ಎಂಬ ಮಾತು ಎಲ್ಲ ಸೈಟಿನಲ್ಲೂ ಕೇಳಿಬರುತ್ತದೆ. ಈ ನಂಬಿಕೆಯೇ ಅಪಾಯ. ವೈಬ್ರೇಟರಿನೊಳಗೆ ವೈರು ಸವೆದು ಅದರ ಕಬ್ಬಿಣದ ಮೈಗೆ ತಾಗಿತು ಎನ್ನಿ. ಒಣ ಮಣ್ಣಿನಲ್ಲಿ ಹುಗಿದ ಅರ್ತಿಂಗಿನ ದಾರಿಯಲ್ಲಿ ಒಟ್ಟು 40 ಓಮ್ ತಡೆ ಇದ್ದರೆ, 230 ವೋಲ್ಟಿಗೆ ಹರಿಯುವುದು 6 ಆಂಪಿಯರಿನಷ್ಟು ಮಾತ್ರ. 20 ಆಂಪಿಯರಿನ ಎಂಸಿಬಿಗೆ ಅದು ಮಾಮೂಲಿ ಬಳಕೆಯಂತೆ ಕಾಣುತ್ತದೆ, ಬೀಳುವುದೇ ಇಲ್ಲ. ಯಂತ್ರದ ಮೈಯಲ್ಲಿ ಮಾತ್ರ ಸಾಯಿಸುವಷ್ಟು ವೋಲ್ಟೇಜು ನಿಂತಿರುತ್ತದೆ. ಎಂಸಿಬಿ ಇರುವುದು ವೈರನ್ನು ಕಾಯಲು. ಮನುಷ್ಯನನ್ನು ಕಾಯಲು ಆರ್‌ಸಿಸಿಬಿ ಬೇಕು.

ಹೋದ ಕರೆಂಟು ಅಷ್ಟೇ ಪ್ರಮಾಣದಲ್ಲಿ ಮರಳಿತೇ ಎಂದು ಆರ್‌ಸಿಸಿಬಿ ಸದಾ ತಾಳೆ ನೋಡುತ್ತದೆ. 30 ಮಿಲಿಆಂಪಿಯರಿನಷ್ಟು ಬೇರೆ ದಾರಿ ಹಿಡಿದರೂ ಸೆಕೆಂಡಿನ ಮೂರನೇ ಒಂದು ಭಾಗದೊಳಗೆ ಕಡಿದುಬಿಡುತ್ತದೆ. ಅದಕ್ಕೂ ಮಿತಿಯಿದೆ: ಫೇಸು, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಮುಟ್ಟಿದವರನ್ನು ಅದು ಗುರುತಿಸಲಾರದು. ಹಾಗಾಗಿ ಪ್ಲಗ್ಗಿಲ್ಲದೆ ಬರಿಯ ವೈರನ್ನು ಬೆಂಕಿಕಡ್ಡಿ ಚುಚ್ಚಿ ಸಾಕೆಟ್ಟಿಗೆ ಸಿಕ್ಕಿಸುವುದನ್ನು ಮೊದಲ ದಿನವೇ ನಿಲ್ಲಿಸಿ. ಮಳೆಯಲ್ಲಿ ಆರ್‌ಸಿಸಿಬಿ ಪದೇಪದೇ ಬಿದ್ದರೆ ಯಾರೋ ಅದನ್ನು ತಪ್ಪಿಸಿ ನೇರ ವೈರು ಕೊಡುತ್ತಾರೆ. ಒದ್ದೆಯಾದ ಎಕ್ಸ್‌ಟೆನ್ಶನ್ ಬೋರ್ಡನ್ನೋ ಜಾಯಿಂಟನ್ನೋ ಹುಡುಕಿ ಸರಿಪಡಿಸುವುದೇ ಅದಕ್ಕೆ ಮದ್ದು.

ಆರ್‌ಸಿಸಿಬಿ ಇದ್ದರೂ ಅರ್ತಿಂಗ್ ಬೇಕೇ ಬೇಕು. ಅದಿದ್ದರೆ ಸೋರಿಕೆಯಾದ ಕ್ಷಣವೇ ಸ್ವಿಚ್ಚು ಬೀಳುತ್ತದೆ. ಇಲ್ಲದಿದ್ದರೆ ಯಾರಾದರೂ ಮುಟ್ಟುವವರೆಗೆ ಕಾಯುತ್ತದೆ. 40 ಮಿಲಿಮೀಟರು ವ್ಯಾಸದ, ಎರಡೂವರೆ ಮೀಟರು ಉದ್ದದ ಜಿಐ ಪೈಪನ್ನು ಪಾಯದಿಂದ ಕನಿಷ್ಠ ಒಂದೂವರೆ ಮೀಟರು ದೂರದಲ್ಲಿ, ಜೆಸಿಬಿ ತಾಗದ ಕಡೆ ಹುಗಿಸಿ, ಬೇಸಿಗೆಯಲ್ಲಿ ನೀರು ಹಾಕಿಸಿ. ಅಲ್ಲಿಂದ ಹಸಿರು ವೈರು ಪ್ರತಿ ಸಾಕೆಟ್ಟಿಗೂ, ಪ್ರತಿ ಯಂತ್ರದ ಲೋಹದ ಮೈಗೂ ತಲುಪಬೇಕು. ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ ಅದು ಬಿದ್ದರೆ ಆ ಉಪಕರಣ ಸರಿಯಿದೆ ಎಂದಷ್ಟೇ ಅರ್ಥ. ಅರ್ತಿಂಗನ್ನು ಎಲೆಕ್ಟ್ರಿಷಿಯನ್ ಮೀಟರಿಟ್ಟು ಬೇರೆಯಾಗಿಯೇ ಅಳೆಯಬೇಕು.

ಇನ್ನು ಕಳ್ಳತನ. ಬೋರ್ಡು ಬೀಗವಿರುವ ಕಬ್ಬಿಣದ ಪೆಟ್ಟಿಗೆಯಲ್ಲಿರಲಿ, ಆ ಪೆಟ್ಟಿಗೆಗೂ ಅರ್ತಿಂಗ್ ಕೊಡಿಸಿ. ಸಂಜೆ ಮೇನ್ ಆಫ್ ಮಾಡಿದ ಮೇಲೂ ಮೀಟರಿನ ಕೆಂಪು ದೀಪ ಮಿನುಗುತ್ತಿದ್ದರೆ ಮೀಟರಿಗೂ ಮೇನಿಗೂ ನಡುವೆ ಯಾರೋ ವೈರು ಸಿಕ್ಕಿಸಿದ್ದಾರೆಂದೇ ಅನುಮಾನಿಸಬೇಕು. ಮನೆಯೊಳಗಿನ ತಾಮ್ರದ ವೈರನ್ನು ಬಾಗಿಲು, ಕಿಟಕಿ ಕೂರುವ ಮೊದಲು ಎಳೆಸಬೇಡಿ.

ಪಕ್ಕದ ಮನೆಯ ಮೀಟರಿನಿಂದ ಕರೆಂಟು ತಂದು ಮನೆ ಕಟ್ಟುವುದನ್ನೂ ಕಾನೂನು ಸುಮ್ಮನೆ ಬಿಡುವುದಿಲ್ಲ. 2003ರ ವಿದ್ಯುತ್ ಕಾಯ್ದೆಯ 126ನೇ ಸೆಕ್ಷನ್ ಪ್ರಕಾರ ಅದು ಅನಧಿಕೃತ ಬಳಕೆ, ಅದಕ್ಕೆ ಅನ್ವಯಿಸುವ ದರದ ಎರಡು ಪಟ್ಟು ಕಟ್ಟಬೇಕಾಗುತ್ತದೆ. ಕಂಬದ ತಂತಿಗೆ ಕೊಕ್ಕೆ ಹಾಕಿದರೆ 135ನೇ ಸೆಕ್ಷನ್ನಿನಡಿ ಕಳ್ಳತನದ ಕೇಸು. ಪಾಯ ತೋಡುವ ಮುಂಚೆಯೇ ಲೈಸೆನ್ಸ್ ಇರುವ ಕಂಟ್ರ್ಯಾಕ್ಟರ ಮೂಲಕ ತಾತ್ಕಾಲಿಕ ಸಂಪರ್ಕಕ್ಕೆ ಅರ್ಜಿ ಹಾಕಿ, ಆರ್‌ಸಿಸಿಬಿ ಕೂರಿಸಿ ಅರ್ತಿಂಗ್ ಅಳೆಯುವವರೆಗೆ ಯಾರ ಕೈಗೂ ಯಂತ್ರ ಕೊಡಬೇಡಿ.