ಫೈಲ್ ನೋಡುವವರು ಬದಲಾದಾಗ

ಬೋರ್ಡಿನ ಮೇಲೆ ಹೆಸರು ಯಾರದೇ ಇರಲಿ, ಅಂಗಡಿಯವರಿಗೆ ಆಡಿಟರ್ ಆಫೀಸೆಂದರೆ ತಮ್ಮ ಫೈಲ್ ನೋಡುವ ಒಬ್ಬ ಹುಡುಗನೋ ಹುಡುಗಿಯೋ ಅಷ್ಟೇ. ಬಿಲ್ಲುಗಳನ್ನು ವಾಟ್ಸ್ಯಾಪ್ ಮಾಡುವುದು ಅವರಿಗೆ, ಒಟಿಪಿ ಹೇಳುವುದು ಅವರಿಗೆ, ತೆರಿಗೆ ಇಲಾಖೆಯಿಂದ ಏನಾದರೂ ಬಂದರೆ ಗಾಬರಿಯಿಂದ ಫೋನ್ ಮಾಡುವುದೂ ಅವರಿಗೇ. ಆಡಿಟರ್ ಸಾಹೇಬರ ಮುಖವನ್ನು ವರ್ಷಕ್ಕೊಮ್ಮೆ ಸಹಿ ಹಾಕಿಸುವಾಗ ಕಂಡರೆ ಹೆಚ್ಚು. ಹೀಗಿರುವಾಗ ಆ ಹುಡುಗಿ ಕೆಲಸ ಬಿಟ್ಟರೆ ಅಂಗಡಿಯವರ ಪಾಲಿಗೆ ಆಫೀಸೇ ಬದಲಾದ ಹಾಗೆ.

ಒಬ್ಬ ಆಡಿಟರರನ್ನು ಬಿಟ್ಟು ಇನ್ನೊಬ್ಬರ ಬಳಿ ಹೋಗುವುದಕ್ಕೆ ನಿಯಮವಿದೆ. ಲೆಕ್ಕ ಪರಿಶೋಧನೆಯ ಕೆಲಸ ಒಪ್ಪಿಕೊಳ್ಳುವ ಮೊದಲು ಹೊಸಬರು ಹಳಬರಿಗೆ ಲಿಖಿತವಾಗಿ ತಿಳಿಸಬೇಕೆಂದು 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆಯ ಅನುಸೂಚಿಯೇ ಹೇಳುತ್ತದೆ. ಅದೇ ಆಫೀಸಿನೊಳಗೆ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಫೈಲ್ ದಾಟುವುದಕ್ಕೆ ಅಂಥ ನಿಯಮವಿಲ್ಲ. ಅದೆಲ್ಲ ಆಯಾ ಆಫೀಸಿನ ಶಿಸ್ತಿಗೆ ಬಿಟ್ಟದ್ದು. ಎಡವಟ್ಟಾಗುವುದೂ ಹೆಚ್ಚಾಗಿ ಇಲ್ಲೇ.

ಬಹಳಷ್ಟು ಆಫೀಸುಗಳು ಸುದ್ದಿಯನ್ನು ಕೊನೆಯ ದಿನದವರೆಗೆ ಮುಚ್ಚಿಡುತ್ತವೆ. ಹೋಗುವವರು ಸ್ವಂತ ಆಫೀಸು ತೆರೆದು ಗಿರಾಕಿಗಳನ್ನೂ ಕರೆದುಕೊಂಡು ಹೋದರೆ ಎಂಬ ಭಯ. ಭಯ ಸುಳ್ಳಲ್ಲ, ಆದರೆ ಮುಚ್ಚಿಟ್ಟರೆ ಅದು ನಿಜವಾಗುವ ಸಾಧ್ಯತೆಯೇ ಹೆಚ್ಚು. ಅಂಗಡಿಯವರಿಗೆ ಸುದ್ದಿ ಮುಟ್ಟೇ ಮುಟ್ಟುತ್ತದೆ, ಆಫೀಸಿನಿಂದ ಮಾತ್ರ ಅಲ್ಲ.

ಹೇಳುವುದು ಯಾವಾಗ ಎಂಬುದನ್ನು ಕ್ಯಾಲೆಂಡರೇ ತೋರಿಸುತ್ತದೆ. ಪ್ರತಿ ತಿಂಗಳು ರಿಟರ್ನ್ ಹಾಕುವವರಿಗೆ ಮಾರಾಟದ ವಿವರವಾದ ಜಿಎಸ್‌ಟಿಆರ್-1ಕ್ಕೆ 11ನೇ ತಾರೀಖು ಗಡುವು. 14ಕ್ಕೆ, ನಮಗೆ ಸರಕು ಕೊಟ್ಟವರು ತೋರಿಸಿದ ಬಿಲ್ಲುಗಳ ಪಟ್ಟಿ 2ಬಿ ಪೋರ್ಟಲ್‌ನಲ್ಲಿ ಬರುತ್ತದೆ. 20ರೊಳಗೆ ತೆರಿಗೆ ಕಟ್ಟಿ 3ಬಿ ಹಾಕಬೇಕು. ಈ ಹೊತ್ತಿನಲ್ಲಿ ಮೇಜು ಬದಲಾಯಿಸುವುದೆಂದರೆ ತೊಂದರೆಯನ್ನು ಕರೆದು ಕೂರಿಸಿದಂತೆ. 21, 22ರ ಸುಮಾರಿಗೆ ಹೇಳಿ, ಮುಂದಿನ ತಿಂಗಳ ಸುತ್ತನ್ನು ಹೊಸಬರು ಮಾಡಲಿ, ಹಳಬರು ಪಕ್ಕದಲ್ಲಿ ಕೂತು ನೋಡಲಿ, 20 ದಾಟಿದ ಮೇಲೆ ಬಿಡುಗಡೆ. ಒಂದು ತಿಂಗಳ ನೋಟಿಸ್ ಅವಧಿ ಈ ಒಂದು ಸುತ್ತಿಗೆ ಸರಿಹೋಗುತ್ತದೆ.

ಒಂದು ಹಾರ್ಡ್‌ವೇರ್ ಅಂಗಡಿಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಫೈಲ್ ನೋಡುತ್ತಿದ್ದವಳೇ ಮೊದಲು ಫೋನ್ ಮಾಡುತ್ತಾಳೆ. "ಸಾಹುಕಾರ್ರೇ, ಮುಂದಿನ 20ನೇ ತಾರೀಖಿನ ರಿಟರ್ನ್ ಆದ್ಮೇಲೆ ನಾನು ಇಲ್ಲಿ ಇರಲ್ಲ." ಆ ಕಡೆಯಿಂದ "ಅಯ್ಯೋ, ನೀನು ಹೋದ್ರೆ ನಮ್ಮ ಫೈಲ್ ಗತಿ ಏನಮ್ಮಾ?" ಎಂದು ಬರುತ್ತದೆ. ಆ ಪ್ರಶ್ನೆಗೆ ಉತ್ತರ ಸಿದ್ಧವಿಟ್ಟುಕೊಂಡೇ ಫೋನ್ ಮಾಡಿರಬೇಕು. "ಪಕ್ಕದಲ್ಲೇ ಇದಾರೆ, ಅವರಿಗೇ ಕೊಡ್ತೀನಿ. ಮೂರು ವರ್ಷದಿಂದ ಸಿಮೆಂಟು, ಪೇಂಟು ಅಂಗಡಿಗಳ ಫೈಲೇ ನೋಡ್ತಿದಾರೆ. ಶುಕ್ರವಾರ ಇಬ್ಬರೂ ಅಂಗಡಿಗೆ ಬರ್ತೀವಿ." ಹೊಸಬರು ಬಿ.ಕಾಂ.ನಲ್ಲಿ ಎಷ್ಟು ಅಂಕ ಪಡೆದರು ಎಂಬುದು ಅಂಗಡಿಯವರಿಗೆ ಬೇಕಿಲ್ಲ. ತಮ್ಮಂಥ ಅಂಗಡಿಯ ಲೆಕ್ಕ ಗೊತ್ತೇ ಎಂಬುದೊಂದು ಬೇಕು.

ಫೋನ್ ಆದ ದಿನವೇ ಆಡಿಟರರ ಹೆಸರಿನಲ್ಲಿ ಪತ್ರವೊಂದು ಹೋಗಬೇಕು. ಅರ್ಧ ಪುಟ ಸಾಕು. ಬದಲಾವಣೆ ಯಾವ ತಾರೀಖಿನಿಂದ, ಹೊಸಬರ ಹೆಸರು ಮತ್ತು ಫೋನ್ ಸಂಖ್ಯೆ, ತಮ್ಮ ಫೈಲಿನಲ್ಲಿ ಬಾಕಿ ಇರುವ ಕೆಲಸಗಳು, ಅಡ್ಡಿ ಬಂದರೆ ಆಡಿಟರರಿಗೇ ಮಾಡಬಹುದಾದ ಫೋನ್. ಬಿಟ್ಟುಹೋಗುವ ಕಾರಣ ಬರೆಯಬೇಕಿಲ್ಲ. 'ಅನಿವಾರ್ಯ ಕಾರಣಗಳಿಂದ' ಎಂದಂತೂ ಬರೆಯಲೇಬಾರದು, ಓದಿದವರು ದುಡ್ಡಿನ ಗಲಾಟೆಯೇ ಇರಬೇಕು ಅಂದುಕೊಳ್ಳುತ್ತಾರೆ. ಬಾಕಿ ಕೆಲಸದ ಸಾಲು ಮಾತ್ರ ಬಿಡಿಸಿ ಬರೆದದ್ದಾಗಿರಲಿ. 'ಎಲ್ಲವೂ ಎಂದಿನಂತೆ ಮುಂದುವರಿಯಲಿದೆ' ಎಂಬ ಮಾತನ್ನು ಯಾರೂ ನಂಬುವುದಿಲ್ಲ. 'ಇಲಾಖೆ ಕೇಳಿದ ವಿವರಣೆಗೆ ಈ ತಿಂಗಳು 28ರೊಳಗೆ ಉತ್ತರ ಕೊಡುತ್ತೇವೆ, ಕರಡು ಸಿದ್ಧವಿದೆ' ಎಂದರೆ ನಂಬುತ್ತಾರೆ.

ಹೊಸಬರ ಸಂಖ್ಯೆ ಮೊದಲೇ ತಿಳಿಯಬೇಕಾದದ್ದಕ್ಕೆ ಇನ್ನೊಂದು ಕಾರಣವಿದೆ. ರಿಟರ್ನ್ ಹಾಕುವ ದಿನ ಆಫೀಸಿನವರು ಒಟಿಪಿ ಕೇಳುತ್ತಾರೆ. ಯಾವುದೋ ಅಪರಿಚಿತ ಸಂಖ್ಯೆಯಿಂದ "ನಾನು ನಿಮ್ಮ ಹೊಸ ಅಕೌಂಟೆಂಟು, ಒಟಿಪಿ ಹೇಳಿ" ಎಂದು ಬಂದರೆ ಅಂಗಡಿಯವರು ಏನು ಮಾಡಬೇಕು? ಹೇಳಿದರೆ ವಂಚನೆಯ ಭಯ, ಹೇಳದಿದ್ದರೆ ಗಡುವು ತಪ್ಪುವ ಭಯ. ಹಳಬರ ಫೋನಿನಿಂದಲೇ ಪರಿಚಯ ಆಗಿದ್ದರೆ ಈ ಇಕ್ಕಟ್ಟೇ ಇಲ್ಲ.

ಇನ್ನು ಮೇಜಿನೊಳಗಿನ ಕೆಲಸ. ಟ್ಯಾಲಿಯಲ್ಲಿ ಇರುವುದು ತಾನಾಗಿಯೇ ದಾಟುತ್ತದೆ. ತಲೆಯಲ್ಲಿ ಇರುವುದನ್ನು ಬರೆಸಿಕೊಳ್ಳಬೇಕು. ಈ ಹಾರ್ಡ್‌ವೇರ್ ಅಂಗಡಿಗೆ ಪೈಪ್ ಕೊಡುವ ಡಿಸ್ಟ್ರಿಬ್ಯೂಟರ್ ಒಬ್ಬರು ಸದಾ ತಡ ಎನ್ನಿ. ಅವರ ಬಿಲ್ಲು 2,00,000 ರೂಪಾಯಿಯದು, ಅದರ ಮೇಲೆ ಶೇ. 18ರಂತೆ ತೆರಿಗೆ 36,000. ಅವರು 11ರೊಳಗೆ ತಮ್ಮ ಜಿಎಸ್‌ಟಿಆರ್-1 ಹಾಕದಿದ್ದರೆ 14ರ ಪಟ್ಟಿಯಲ್ಲಿ ಆ ಬಿಲ್ಲು ಇರುವುದಿಲ್ಲ. ಆ 36,000ವನ್ನು ಅಂಗಡಿಯವರು ಆ ತಿಂಗಳು ತಮ್ಮ ತೆರಿಗೆಯಲ್ಲಿ ಕಳೆಯುವಂತಿಲ್ಲ, ಕೈಯಿಂದ ಕಟ್ಟಬೇಕು. ಆಮೇಲೆ ಅದು ಸಿಗಬಹುದು, ಆದರೆ 20ನೇ ತಾರೀಖಿಗೆ ಹಣ ಹೊಂದಿಸುವುದು ಯಾರು? ಹಳಬಳು 9ಕ್ಕೇ ಡಿಸ್ಟ್ರಿಬ್ಯೂಟರ್ ಆಫೀಸಿಗೆ ಫೋನ್ ಮಾಡಿ ನೆನಪಿಸುತ್ತಿದ್ದಳು. ಆ ಒಂದು ಫೋನ್ ಯಾವ ಫೈಲಿನಲ್ಲೂ ದಾಖಲಾಗಿರುವುದಿಲ್ಲ. ಎರಡನೇ ತಿಂಗಳು ಅಂಗಡಿಯವರು "ಈ ಸಲ ತೆರಿಗೆ ಯಾಕೆ ಜಾಸ್ತಿ ಬಂತು?" ಎಂದು ಕೇಳಿದಾಗಲೇ ಹಸ್ತಾಂತರ ಅರ್ಧಕ್ಕೆ ನಿಂತದ್ದು ಗೊತ್ತಾಗುವುದು.

ನೋಟಿಸಿನದೂ ಇದೇ ಕಥೆ. ರಿಟರ್ನ್‌ನಲ್ಲಿ ವ್ಯತ್ಯಾಸ ಕಂಡರೆ ಇಲಾಖೆ ಎಎಸ್‌ಎಂಟಿ-10 ಕಳಿಸುತ್ತದೆ, ಸಾಮಾನ್ಯವಾಗಿ 30 ದಿನದೊಳಗೆ ಉತ್ತರ ಕೊಡಬೇಕು. ಹಲವು ನೋಟಿಸುಗಳು ಪೋರ್ಟಲ್‌ನ ಎದುರಿಗೇ ಕಾಣುವುದಿಲ್ಲ, View Additional Notices/Orders ಎಂಬ ಬೇರೆ ಜಾಗದಲ್ಲಿ ಕೂತಿರುತ್ತವೆ. ಹಾಗಾಗಿ ಹಸ್ತಾಂತರದ ದಿನ ಹಳಬರು, ಹೊಸಬರು ಒಟ್ಟಿಗೆ ಕೂತು ಲಾಗಿನ್ ಆಗಿ ಎರಡೂ ಕಡೆ ತೆರೆದು ನೋಡಬೇಕು. ಎಣಿಕೆ ಶುರುವಾಗುವುದು ನೋಟಿಸ್ ಬಂದ ದಿನದಿಂದ, ಹೊಸಬರು ಕಂಡ ದಿನದಿಂದಲ್ಲ.

ಎಲ್ಲಕ್ಕಿಂತ ಕೆಟ್ಟದು ಒಟಿಪಿ ಹೋಗುವ ಸಂಖ್ಯೆ. ನೋಂದಣಿ ಮಾಡಿಸುವಾಗ 'ಯಜಮಾನರಿಗೆ ಯಾಕೆ ತೊಂದರೆ' ಎಂದು ಆಫೀಸಿನ ಹುಡುಗನ ಮೊಬೈಲು, ಅವನದೇ ಇಮೇಲು ಕೊಟ್ಟ ಫೈಲುಗಳು ಬೇಕಾದಷ್ಟಿವೆ. ಅವನು ಕೆಲಸ ಬಿಟ್ಟ ಮೇಲೆ ಒಟಿಪಿ ಅವನ ಜೇಬಿಗೇ ಹೋಗುತ್ತದೆ, ನೋಟಿಸ್ ಬಂದಿರುವ ಸಂದೇಶವೂ ಅವನಿಗೇ. ಲಾಗಿನ್ ಕೈಯಲ್ಲಿದ್ದಾಗ ನೋಂದಣಿ ತಿದ್ದುಪಡಿಯಲ್ಲಿ ಇದನ್ನು ಬದಲಿಸಿಕೊಳ್ಳಬಹುದು. ಪಾಸ್‌ವರ್ಡೂ ಇಲ್ಲ, ಆ ಸಂಖ್ಯೆಯವನೂ ಇಲ್ಲ ಎಂದಾದರೆ ಯಜಮಾನರೇ ದಾಖಲೆ ಹಿಡಿದುಕೊಂಡು ತಮ್ಮ ವ್ಯಾಪ್ತಿಯ ತೆರಿಗೆ ಕಚೇರಿಗೆ ಹೋಗಬೇಕು. ಅಷ್ಟರಲ್ಲಿ 20 ದಾಟಿದರೆ ದಿನಕ್ಕೆ 50 ರೂಪಾಯಿ ತಡ ಶುಲ್ಕ, ಬಾಕಿ ತೆರಿಗೆಗೆ ವರ್ಷಕ್ಕೆ ಶೇ. 18ರ ಬಡ್ಡಿ. ಶುಲ್ಕವನ್ನು ಆಫೀಸು ಭರಿಸಿದರೂ ಗಿರಾಕಿಯ ಸಿಟ್ಟು ಇಳಿಯುವುದಿಲ್ಲ, ಇಳಿಯಬೇಕಾಗಿಯೂ ಇಲ್ಲ.

ನೀವು ಅಂಗಡಿಯವರಾಗಿದ್ದರೆ, ನಿಮ್ಮ ಫೈಲ್ ನೋಡುವವರು ಇನ್ನೂ ಅಲ್ಲೇ ಇರುವಾಗಲೇ ಅವರಿಗೊಂದು ಫೋನ್ ಮಾಡಿ, ಪೋರ್ಟಲ್‌ನಲ್ಲಿ ಯಾರ ಮೊಬೈಲ್ ಸಂಖ್ಯೆ ಇದೆ ಎಂದು ಕೇಳಿ. ನಿಮ್ಮದಲ್ಲದಿದ್ದರೆ ಈ ತಿಂಗಳ 3ಬಿ ಆದ ಕೂಡಲೇ ಬದಲಿಸಿಕೊಳ್ಳಿ.