ಒಂದು ವಾರದ ಪಾಠ, ಒಂದು ಹಾಳೆ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗಳಲ್ಲಿ ದ್ವಿತೀಯ ಪಿಯುಸಿ ವಾಣಿಜ್ಯ ಓದುವ ಮಕ್ಕಳ ಚೀಲದಲ್ಲಿ ಲೆಕ್ಕಶಾಸ್ತ್ರದ ನೋಟ್ಸೇ ಎಲ್ಲಕ್ಕಿಂತ ದಪ್ಪ. ಆ ದಪ್ಪವನ್ನು ಒಂದು ಹಾಳೆಗೆ ಇಳಿಸಬಲ್ಲ ವಿದ್ಯಾರ್ಥಿಗಳೂ ತರಗತಿಗೆ ಒಬ್ಬಿಬ್ಬರು ಇರುತ್ತಾರೆ. ಅವರ ಕೈಚಳಕ ಚೆನ್ನಾಗಿ ಕಾಣುವುದು ‘ಹೊಸ ಪಾಲುದಾರನ ಸೇರ್ಪಡೆ’ ಎಂಬ ಅಧ್ಯಾಯದಲ್ಲಿ.

ಪಿರಿಯಾಪಟ್ಟಣದಲ್ಲಿ ಅಣ್ಣ ತಮ್ಮ ಸೇರಿ ಗೊಬ್ಬರದ ಅಂಗಡಿ ಇಟ್ಟಿದ್ದಾರೆ ಎಂದುಕೊಳ್ಳಿ. ಲಾಭ ಹಂಚಿಕೆ 3:2. ಈಗ ಭಾವ ಐದನೇ ಒಂದು ಪಾಲಿಗೆ ಸೇರುತ್ತಾನೆ. ಬಂಡವಾಳವೆಂದು 2,00,000 ರೂಪಾಯಿ, ಗುಡ್‌ವಿಲ್‌ಗೆಂದು 50,000 ತರುತ್ತಾನೆ. ಪುಸ್ತಕದಲ್ಲಿ ಸಾಮಾನ್ಯ ಮೀಸಲು ನಿಧಿ 40,000 ಇದೆ. ಗೋದಾಮಿನ ಬೆಲೆ 30,000 ಏರಿದೆ, ದಾಸ್ತಾನು 5,000 ಇಳಿದಿದೆ. ಸಾಲಗಾರರಿಂದ ಬರಬೇಕಾದ 80,000ದ ಮೇಲೆ ಶೇ. 5ರಷ್ಟು ಸಂಶಯಾಸ್ಪದ ಸಾಲದ ನಿಧಿ ಇಡಬೇಕು. ಪುಸ್ತಕದಲ್ಲಿ ಈಗಾಗಲೇ 2,000 ಇದೆ.

ತರಗತಿಯಲ್ಲಿ ಇದು ಒಂದು ವಾರದ ಪಾಠ. ಹಾಳೆ ಮಾಡುವ ಹುಡುಗಿ ನಮೂದುಗಳನ್ನು ಒಂದೊಂದಾಗಿ ಬಾಯಿಪಾಠ ಮಾಡುವುದಿಲ್ಲ. ಪ್ರತಿ ಮೊತ್ತದ ಮುಂದೆಯೂ ಒಂದೇ ಪ್ರಶ್ನೆ ಕೇಳುತ್ತಾಳೆ: ಇದು ಭಾವ ಬರುವ ಮುಂಚಿನದೋ, ಭಾವ ತಂದದ್ದೋ? ಮುಂಚಿನದಾದರೆ ಅಣ್ಣ ತಮ್ಮಂದಿರಿಗೆ ಹಳೆಯ ಅನುಪಾತದಲ್ಲಿ ಹಂಚಬೇಕು. ಹಾಗಾಗಿ ಮೀಸಲು ನಿಧಿ ಡೆಬಿಟ್, ಅಣ್ಣನಿಗೆ 24,000 ಕ್ರೆಡಿಟ್, ತಮ್ಮನಿಗೆ 16,000. ಗೋದಾಮಿನ ಬೆಲೆ ಏರಿದ್ದೂ ಅವರ ಕಾಲದಲ್ಲೇ, ದಾಸ್ತಾನು ಹಾಳಾದದ್ದೂ ಅವರ ಕಾಲದಲ್ಲೇ. ಆದ್ದರಿಂದ ಮರುಮೌಲ್ಯಮಾಪನ ಖಾತೆಯ ಲಾಭವೂ 3:2ರಲ್ಲೇ ಹೋಗುತ್ತದೆ.

ಆ ಲಾಭ ಎಷ್ಟು ಎನ್ನುವಲ್ಲಿ ಮೊದಲ ಗುಂಡಿ ಇದೆ. ಶೇ. 5 ಅಂದರೆ 4,000. ಅವಸರದವನು ಅಷ್ಟನ್ನೂ ನಷ್ಟ ಬರೆಯುತ್ತಾನೆ. 2,000 ಮೊದಲೇ ಇರುವುದರಿಂದ ಹೊಸದಾಗಿ ಸೇರಿಸಬೇಕಾದದ್ದು ಇನ್ನು 2,000 ಮಾತ್ರ. ಲಾಭ 23,000, ಅಣ್ಣನಿಗೆ 13,800, ತಮ್ಮನಿಗೆ 9,200. ನಮ್ಮ ಕಡೆಯ ಮಕ್ಕಳಿಗೆ ಈ ನಿಧಿಯ ಅರ್ಥ ಬೇರೆ ಹೇಳಿಕೊಡಬೇಕಿಲ್ಲ. ತಂಬಾಕು ಹರಾಜಿನ ದುಡ್ಡು ಕೈಗೆ ಬಂದ ಮೇಲೂ ಗೊಬ್ಬರದ ಬಾಕಿ ಉಳಿಸಿಕೊಂಡವರೇ ಆ ಸಂಶಯಾಸ್ಪದ ಸಾಲಗಾರರು.

ಭಾವ ತಂದ ದುಡ್ಡಿಗೆ ಬ್ಯಾಂಕ್ ಖಾತೆ 2,50,000 ಡೆಬಿಟ್. 2,00,000 ಭಾವನ ಬಂಡವಾಳ ಖಾತೆಗೆ, 50,000 ಗುಡ್‌ವಿಲ್ ಪ್ರೀಮಿಯಂ ಖಾತೆಗೆ ಕ್ರೆಡಿಟ್. ಇನ್ನು ಆ 50,000ವನ್ನು ಹಂಚಬೇಕು, ನಿಜವಾದ ಬಲೆ ಇರುವುದು ಇಲ್ಲೇ. ಇದು ಬಿಟ್ಟುಕೊಟ್ಟ ಪಾಲಿನ ಬೆಲೆ, ಹಾಗಾಗಿ ಪಾಲು ಬಿಟ್ಟುಕೊಟ್ಟವನಿಗೇ ಸೇರಬೇಕು. ಹೊಸ ಅನುಪಾತದ ಬಗ್ಗೆ ಪ್ರಶ್ನೆ ಏನೂ ಹೇಳದಿದ್ದರೆ ತ್ಯಾಗದ ಅನುಪಾತವೂ 3:2. ಅಣ್ಣನಿಗೆ 30,000, ತಮ್ಮನಿಗೆ 20,000. ಆದರೆ ಪ್ರಶ್ನೆಯ ಕೊನೆಯ ಸಾಲಿನಲ್ಲಿ ‘ಹೊಸ ಅನುಪಾತ 2:2:1’ ಎಂದಿದ್ದರೆ ಲೆಕ್ಕವೇ ಬೇರೆ. ಅಣ್ಣನ ಪಾಲು 3/5ರಿಂದ 2/5ಕ್ಕೆ ಇಳಿಯಿತು, ತಮ್ಮನದು 2/5ರಲ್ಲೇ ನಿಂತಿತು. 50,000 ಪೂರ್ತಿ ಅಣ್ಣನಿಗೆ. ಮೀಸಲು ನಿಧಿ ಮಾತ್ರ ಆಗಲೂ 3:2.

ಈ ತಪ್ಪಿನ ಕಪಟ ನೋಡಿ: ತಮ್ಮನಿಗೆ 20,000 ತಪ್ಪಾಗಿ ಹಾಕಿದರೂ ಆಸ್ತಿ ಹೊಣೆ ಪಟ್ಟಿ ಸರಿಹೊಂದುತ್ತದೆ. ಹುಡುಗ ಎರಡು ಕಡೆಯ ಮೊತ್ತದ ಕೆಳಗೂ ಜೋಡಿಗೆರೆ ಎಳೆದು ನಗುತ್ತಾ ಹೊರಬರುತ್ತಾನೆ. ಪಟ್ಟಿ ಸರಿಹೊಂದಿದರೂ ಅಡಗಿ ಉಳಿಯುವ ಇಂಥದೇ ಇನ್ನೊಂದು ತಪ್ಪಿಗೆ ಒಳ್ಳೆಯ ಹಾಳೆಯಲ್ಲಿ ಮೊತ್ತ ನೋಡದೆಯೂ ಮಾಡಬಹುದಾದ ಒಂದು ತಪಾಸಣೆ ಇರುತ್ತದೆ. ಇಂಥ ಲೆಕ್ಕದಲ್ಲಿ ಭಾವನ ಖಾತೆ ಕ್ರೆಡಿಟ್ ಆಗುವುದು ಒಂದೇ ಕಡೆ, ಬಂಡವಾಳ ತಂದಾಗ. ಮೀಸಲು ನಿಧಿಯಲ್ಲೋ ಮರುಮೌಲ್ಯಮಾಪನದಲ್ಲೋ ಅವನ ಹೆಸರು ಕಂಡರೆ ಪೆನ್ನು ವಾಪಸ್ ತಿರುಗಬೇಕು.

ಹಾಳೆಯ ಹಿಂಬದಿಯಲ್ಲಿ ಜಾಣರು ಇನ್ನೊಂದು ಸಂಗತಿ ಬರೆದಿಟ್ಟಿರುತ್ತಾರೆ: ಈ ಮಾದರಿ ಎಲ್ಲಿ ನಡೆಯುವುದಿಲ್ಲ ಎಂದು. ಹೊಸ ಅನುಪಾತ 1:3:1 ಬಂತೆನ್ನಿ. ಅಣ್ಣ 2/5 ಬಿಟ್ಟ. ಅದರಲ್ಲಿ 1/5 ಭಾವನಿಗೆ ಹೋಯಿತು, ಇನ್ನೊಂದು 1/5 ತಮ್ಮನಿಗೇ ಸಿಕ್ಕಿತು. ಪಾಲು ಹೆಚ್ಚಿಸಿಕೊಂಡ ತಮ್ಮನೂ ಅಣ್ಣನಿಗೆ ಬೆಲೆ ಕೊಡಬೇಕು. ಐದನೇ ಒಂದು ಪಾಲಿಗೆ 50,000 ಆದರೆ ಗುಡ್‌ವಿಲ್ ಒಟ್ಟು 2,50,000. ಆಗ ಗುಡ್‌ವಿಲ್ ಪ್ರೀಮಿಯಂ ಖಾತೆ 50,000 ಡೆಬಿಟ್, ತಮ್ಮನ ಬಂಡವಾಳ ಖಾತೆಯೂ 50,000 ಡೆಬಿಟ್, ಅಣ್ಣನಿಗೆ 1,00,000 ಕ್ರೆಡಿಟ್.