ಅಳಿಸಿದರೂ ಅಳಿಯದ ಫೋಲ್ಡರ್

ಮೈಸೂರಿನ ಗೃಹಸ್ಥರೊಬ್ಬರು ಮಗಳ ಮದುವೆಯ ಚಿತ್ರಗಳನ್ನೆಲ್ಲ ಬೇರೊಂದು ಡಿಸ್ಕಿಗೆ ನಕಲು ಮಾಡಿಕೊಂಡು, ತಮ್ಮ ವಿಂಡೋಸ್ ಕಂಪ್ಯೂಟರಿನಲ್ಲಿದ್ದ Maduve ಎಂಬ ಹಳೆಯ ಫೋಲ್ಡರನ್ನು ಅಳಿಸಹೊರಟರು. ಅದು ಹೋಗಲೊಲ್ಲದು. ಫೋಲ್ಡರಾಗಲಿ ಅದರೊಳಗಿನ ಕಡತವಾಗಲಿ ಬೇರೊಂದು ಪ್ರೋಗ್ರಾಮಿನಲ್ಲಿ ತೆರೆದಿದೆ ಎಂಬರ್ಥದ Folder In Use ಎಂಬ ಸೂಚನೆ ಪರದೆಯ ಮೇಲೆ ಮೂಡಿತು. ಅವರಾದರೋ ಚಿತ್ರಗಳನ್ನೆಲ್ಲ ಆಗಲೇ ಮುಚ್ಚಿದ್ದರು. ಫೋಲ್ಡರಿನೊಳಗೆ ಹೋಗಿ ಚಿತ್ರಗಳನ್ನು ಅಳಿಸಿದರೆ ಅವೆಲ್ಲ ಹೋದುವು. ಬರಿದಾದ ಫೋಲ್ಡರು ಮಾತ್ರ ಉಳಿಯಿತು!

“ಅಪ್ಪಾ, ಕಂಪ್ಯೂಟರನ್ನು ಒಮ್ಮೆ ಆರಿಸಿಬಿಡಿ, ತಾನೇ ಬಿಡುತ್ತದೆ” ಎಂದ ಮಗ.

“ಹಿಡಿದವರು ಯಾರೆಂದು ಮೊದಲು ತಿಳಿಯೋಣ, ತಡೆಯಪ್ಪಾ” ಎಂದರು ತಂದೆ.

ಈ ಎಚ್ಚರಿಕೆ ಸರಿಯಾದುದೇ. ಪ್ರೋಗ್ರಾಮೊಂದು ಕಡತವನ್ನು ಬಳಸುವಾಗ ವಿಂಡೋಸಿನಿಂದ ಒಂದು ಹಿಡಿಕೆಯನ್ನು ಪಡೆಯುತ್ತದೆ. ಆ ಹಿಡಿಕೆ ಪರರಿಗೆ ಅಳಿಸಲು ಅವಕಾಶವೀಯದಿದ್ದರೆ, ಅದು ಬಿಡುಗಡೆಯಾಗುವವರೆಗೆ ಆ ವಸ್ತು ಅಳಿಯದು. ಇದಲ್ಲದೆ ಪ್ರತಿಯೊಂದು ಪ್ರೋಗ್ರಾಮೂ ಯಾವುದಾದರೊಂದು ಫೋಲ್ಡರಿನಲ್ಲಿ ‘ನಿಂತಿರುತ್ತದೆ’. ನಿಂತ ನೆಲವನ್ನೂ ಅದು ಹಿಡಿದಿರುತ್ತದೆ. ಕಡತವನ್ನು ಆರಿಸಿ ತೆರೆದಾಗ ಎಷ್ಟೋ ಪ್ರೋಗ್ರಾಮುಗಳು ಆ ಕಡತವಿರುವ ಫೋಲ್ಡರಿಗೇ ಬಂದು ನಿಲ್ಲುತ್ತವೆ. ಕಡತವನ್ನು ಮುಚ್ಚಿದ ಮೇಲೂ ಅಲ್ಲಿಂದ ಕದಲುವುದಿಲ್ಲ. ಒಳಗಿನದೆಲ್ಲ ಹೋಗಿ ಬರಿಯ ಫೋಲ್ಡರು ಉಳಿದರೆ ಇದೇ ಕಾರಣವಿರಬಹುದೆಂದು ಊಹಿಸಬಹುದು.

ಹಿಡಿದವರ ಹೆಸರನ್ನು ವಿಂಡೋಸೇ ತಿಳಿಸುತ್ತದೆ. ಗೃಹಸ್ಥರು ವಿಂಡೋಸ್ ಕೀಲಿಯೊಡನೆ R ಅನ್ನು ಒತ್ತಿ, ಕಾಣಿಸಿದ ಪೆಟ್ಟಿಗೆಯಲ್ಲಿ ಹೀಗೆ ಬರೆದರು:

```
resmon
```

ತೆರೆದ ಕಿಟಕಿಯಲ್ಲಿ CPU ವಿಭಾಗಕ್ಕೆ ಹೋಗಿ, Associated Handles ಎಂಬಲ್ಲಿನ ಹುಡುಕುವ ಪೆಟ್ಟಿಗೆಯಲ್ಲಿ Maduve ಎಂದು ಬರೆದರು. ತುಸು ಹೊತ್ತಿನಲ್ಲಿ ಒಂದು ಸಾಲು ಕಾಣಿಸಿತು. ಅದರಲ್ಲಿದ್ದುದು ಚಿತ್ರಗಳನ್ನು ತಿದ್ದುವ ಪ್ರೋಗ್ರಾಮಿನ ಹೆಸರು! ಅದರ ಕಿಟಕಿಯನ್ನು ಕೆಳಗೆ ಸರಿಸಿ ಅವರು ಮರೆತೇಬಿಟ್ಟಿದ್ದರು. ಅಲ್ಲಿ ಬೀಗರಿಗೆಂದು ಎರಡು ಗಂಟೆ ಕುಳಿತು ಜೋಡಿಸಿದ ಆಲ್ಬಮ್ಮಿನ ಪುಟವೊಂದಿತ್ತು, ಅದನ್ನಿನ್ನೂ ಉಳಿಸಿರಲಿಲ್ಲ.

ಆ ಸಾಲಿನ ಮೇಲೆ ಬಲಗುಂಡಿಯೊತ್ತಿದರೆ End Process ಎಂಬ ಆಯ್ಕೆಯೂ ಸಿಗುತ್ತದೆ. ಅದನ್ನು ಆರಿಸಿದ್ದರೆ ಹಿಡಿತವೇನೋ ತಪ್ಪುತ್ತಿತ್ತು. ಅದರೊಡನೆ ಆಲ್ಬಮ್ಮಿನ ಪುಟವೂ ಹೋಗುತ್ತಿತ್ತು. ಅವರು ಪುಟವನ್ನು ಬೇರೊಂದು ಫೋಲ್ಡರಿನಲ್ಲಿ ಉಳಿಸಿ, ಪ್ರೋಗ್ರಾಮನ್ನು ಕ್ರಮವಾಗಿ ಮುಚ್ಚಿದರು. ಮರುಕ್ಷಣವೇ ಫೋಲ್ಡರು ಅಳಿಯಿತು.

ಕಂಪ್ಯೂಟರನ್ನು ಮರುಪ್ರಾರಂಭಿಸಿದರೂ ಪ್ರೋಗ್ರಾಮುಗಳೆಲ್ಲ ಮುಗಿದು ಅವುಗಳ ಹಿಡಿಕೆಗಳು ಬಿಡುಗಡೆಯಾಗುತ್ತವೆ ಎಂಬುದು ನಿಜ. ಆದರೆ ಹಿಡಿದ ಪ್ರೋಗ್ರಾಮು ಕಂಪ್ಯೂಟರಿನೊಡನೆ ತಾನೂ ಪ್ರಾರಂಭವಾಗುವಂಥದಾದರೆ ಮತ್ತೆ ಬಂದು ಹಿಡಿಯಬಹುದು. ಪಟ್ಟಿಯಲ್ಲಿ System ಎಂಬ ಹೆಸರು ಕಂಡರಂತೂ ಅದನ್ನು ಬಲವಂತವಾಗಿ ನಿಲ್ಲಿಸಹೋಗದೆ ಮರುಪ್ರಾರಂಭಿಸುವುದೇ ಲೇಸು. ಅದಕ್ಕೆ ಮುನ್ನ ತೆರೆದ ಕೆಲಸವನ್ನೆಲ್ಲ ಉಳಿಸಿರಬೇಕು.